‘ಸ್ಪೀಡ್ ಸರಿ ಇದೆ ಸರ್’ ಎನ್ನುವವರಿಗೆ ಒಂದು ಪತ್ರ

ಪುಣೆಯ ವಾಕಡ್‌ನ ನಮ್ಮ ಮನೆಯಿಂದ ರಾತ್ರಿ ಒಂಬತ್ತಕ್ಕೆ ಧಾರವಾಡಕ್ಕೆ ವಿಡಿಯೊ ಕರೆ ಹೋಗಲೇಬೇಕು. ಪಾರ್ಶ್ವವಾಯು ಆದಮೇಲೆ ಅಪ್ಪನ ಮಾತು ನಿಧಾನ. ಒಂದು ವಾಕ್ಯ ಮುಗಿಸಲು ಅರ್ಧ ನಿಮಿಷ ಬೇಕು, ಅದನ್ನೇ ಮತ್ತೆ ಹೇಳಿ ಎಂದರೆ ಸುಸ್ತಾಗುತ್ತಾರೆ. ಕಳೆದ ಮಳೆಗಾಲದಲ್ಲಿ ಆ ವಾಕ್ಯಗಳು ನಡುವೆ ತುಂಡಾಗತೊಡಗಿದವು. ‘ಮುಂಜಾನೆ ಮಾಡಪಾ, ರಾತ್ರಿ ಏನೂ ಕೇಳವಲ್ದು’ ಎಂದಳು ಅವ್ವ. ಸಮಸ್ಯೆಯ ಮೊದಲ ಸುಳಿವು ಸಿಕ್ಕಿದ್ದು ಎಂಜಿನಿಯರ್ ಆದ ನನಗಲ್ಲ, ಅವಳಿಗೆ.

ಇಂಟರ್‌ನೆಟ್ ಕಂಪನಿಗೆ ಮೂರು ಸಲ ದೂರು ಕೊಟ್ಟೆ. ಮೂರು ಸಲವೂ ಹುಡುಗನೊಬ್ಬ ಮಧ್ಯಾಹ್ನ ಬಂದು, ಮೊಬೈಲ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿ, ನೂರರ ಪ್ಲಾನಿಗೆ 98 ತೋರಿಸಿ ‘ಸ್ಪೀಡ್ ಬರೋಬರ್ ಆಹೇ ಸರ್’ ಎಂದು ಹೋದ. ಸಂಜೆಯೊಳಗೆ ‘ನಿಮ್ಮ ದೂರು ಪರಿಹಾರವಾಗಿದೆ’ ಎಂಬ ಸಂದೇಶ ಬರುತ್ತಿತ್ತು. ಅವನು ಸುಳ್ಳು ಹೇಳಲಿಲ್ಲ. ತಪ್ಪು ಹೊತ್ತಿನಲ್ಲಿ ತಪ್ಪು ವಸ್ತುವನ್ನು ಅಳೆದ, ಅಷ್ಟೇ.

ಇಂಟರ್‌ನೆಟ್‌ನಲ್ಲಿ ಎಲ್ಲವೂ ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಸಾಗುತ್ತದೆ. ಸಿನಿಮಾ ನೋಡುವಾಗ ಒಂದು ತುಂಡು ಕಳೆದರೆ ಅದನ್ನು ಮತ್ತೆ ತರಿಸಿಕೊಳ್ಳಲು ಪುರುಸೊತ್ತಿದೆ, ಮುಂದಿನ ದೃಶ್ಯ ಆಗಲೇ ಬಂದು ಕೂತಿರುತ್ತದೆ. ಕರೆಯಲ್ಲಿ ಆ ಪುರುಸೊತ್ತಿಲ್ಲ. ತಡವಾಗಿ ಬಂದ ಅಕ್ಷರ ಬಾರದ ಅಕ್ಷರವೇ. ಸ್ಪೀಡ್ ಟೆಸ್ಟ್ ಹೆಚ್ಚಾಗಿ ಹತ್ತಿರದ ಸರ್ವರ್‌ಗೆ ಒಟ್ಟಿಗೆ ಹಲವು ಸಂಪರ್ಕ ತೆರೆದು ಒಟ್ಟು ವೇಗ ಹೇಳುತ್ತದೆ. ನಡುವೆ ಕಳೆದದ್ದೆಷ್ಟು ಎಂಬುದು ಅದರ ದೊಡ್ಡ ಅಂಕಿಯಲ್ಲಿ ಕಾಣುವುದಿಲ್ಲ.

ಹಾಗಾಗಿ ನಾಲ್ಕನೇ ದೂರನ್ನು ಫೋನಿನಲ್ಲಿ ಹೇಳದೆ ಪತ್ರವಾಗಿ ಬರೆಯಲು ತೀರ್ಮಾನಿಸಿದೆ. ಆ ಪತ್ರ ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು: ತುಂಡುಗಳು ಕಳೆಯುತ್ತಿರುವುದು ನನ್ನ ಮನೆಯೊಳಗೋ, ಅವರ ಜಾಲದಲ್ಲೋ?

ಮೊದಲು ವೈಫೈ ಬಿಟ್ಟು ಲ್ಯಾಪ್‌ಟಾಪ್ ಅನ್ನು ರೂಟರ್‌ಗೆ ಕೇಬಲ್‌ನಿಂದ ಜೋಡಿಸಿದೆ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಎಲ್ಲರ ವೈಫೈ ಒಂದರ ಮೇಲೊಂದು ಬೀಳುತ್ತದೆ. ಕೇಬಲ್ ಇಲ್ಲದ ಪರೀಕ್ಷೆಯನ್ನು ಕಂಪನಿ ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ಪರೀಕ್ಷೆಯ ಹೊತ್ತಿನಲ್ಲಿ ಟಿವಿ ಮತ್ತು ಫೋನುಗಳ ನೆಟ್ ಆರಿಸಿದೆ. ಆಮೇಲೆ ಮೂರು ಕಿಟಕಿ ತೆರೆದು ಮೂರು ಜಾಗಕ್ಕೆ ಏಕಕಾಲಕ್ಕೆ ಮುನ್ನೂರು ಮುನ್ನೂರು ಪ್ಯಾಕೆಟ್ ಕಳಿಸಿದೆ. ಸೆಕೆಂಡಿಗೆ ಒಂದರಂತೆ ಐದು ನಿಮಿಷದ ಕೆಲಸ.

```
ping -c 300 192.168.1.1
ping -c 300 100.64.0.1
ping -c 300 8.8.8.8
```

ವಿಂಡೋಸ್‌ನಲ್ಲಿ `-c` ಬದಲು `-n` ಎಂದು ಬರೆಯಬೇಕು. ಮೊದಲನೆಯದು ನನ್ನ ರೂಟರ್. ಎರಡನೆಯದು ಕಂಪನಿಯ ಜಾಲದಲ್ಲಿ ನನಗೆ ಸಿಗುವ ಮೊದಲ ಗೇಟ್‌ವೇ. `traceroute -n 8.8.8.8`, ವಿಂಡೋಸ್‌ನಲ್ಲಾದರೆ `tracert -d 8.8.8.8` ಕೊಟ್ಟಾಗ ರೂಟರ್‌ನ ನಂತರ ಬರುವ ವಿಳಾಸವೇ ಅದು, ನಿಮ್ಮಲ್ಲಿ ಬೇರೆ ಇರಬಹುದು. ಮೂರನೆಯದು ಹೊರಗಿನ ಗೂಗಲ್ ಸರ್ವರ್.

ನಾಲ್ಕು ದಿನ ಬೆಳಿಗ್ಗೆ ಏಳಕ್ಕೂ ರಾತ್ರಿ ಒಂಬತ್ತಕ್ಕೂ ಇದನ್ನೇ ಮಾಡಿದೆ. ರೂಟರ್‌ವರೆಗೆ ಒಂದೂ ಕಳೆಯಲಿಲ್ಲ. ಮೊದಲ ಗೇಟ್‌ವೇವರೆಗೆ ನಾಲ್ಕು ರಾತ್ರಿ ಸೇರಿ ಕಳೆದದ್ದು ಒಂದೇ. ಹೊರಗಿನ ಸರ್ವರ್‌ಗೆ ಬೆಳಗಿನ ಒಟ್ಟು 1,200ರಲ್ಲಿ ಒಂದು ಕಳೆದರೆ, ರಾತ್ರಿಯ 1,200ರಲ್ಲಿ 78 ಕಳೆದವು, ಅಂದರೆ ಶೇ 6.5. ಹೋಗಿಬರುವ ಸರಾಸರಿ ಸಮಯ ಬೆಳಿಗ್ಗೆ 5 ಮಿಲಿಸೆಕೆಂಡ್, ರಾತ್ರಿ 46. ಗೂಗಲ್‌ನದೇ ತೊಂದರೆ ಎನ್ನಬಾರದೆಂದು `1.1.1.1`ಗೂ ಕಳಿಸಿ ನೋಡಿದೆ. ಅಲ್ಲೂ ಅದೇ ಕಥೆ.

ಇದರ ಅರ್ಥ ಇಷ್ಟು. ಮನೆಗೆ ಬರುವ ಫೈಬರ್ ತಂತಿ ಬಾಗಿದ್ದರೆ ಅಥವಾ ಕನೆಕ್ಟರ್ ಕೊಳೆಯಾಗಿದ್ದರೆ ನಷ್ಟ ಮೊದಲ ಗೇಟ್‌ವೇಯಲ್ಲೇ ಕಾಣಬೇಕಿತ್ತು, ಬೆಳಿಗ್ಗೆಯೂ ಕಾಣಬೇಕಿತ್ತು. ನಷ್ಟ ರಾತ್ರಿ ಮಾತ್ರ, ಅದೂ ಗೇಟ್‌ವೇ ದಾಟಿದ ಮೇಲೆ. ಜೊತೆಗೆ ಸಮಯವೂ ಒಂಬತ್ತು ಪಟ್ಟು ಏರಿದೆ. ದಾರಿ ತುಂಬಿದಾಗ ಪ್ಯಾಕೆಟ್‌ಗಳು ಮೊದಲು ಸರದಿಯಲ್ಲಿ ನಿಲ್ಲುತ್ತವೆ, ಸರದಿಗೂ ಜಾಗ ಸಾಲದಾದಾಗ ಬೀಳುತ್ತವೆ. ಬಡಾವಣೆಯಿಂದ ಆಚೆ ಹೋಗುವ ಅವರ ಲಿಂಕ್ ಗಿರಾಕಿಗಳ ಸಂಖ್ಯೆಗೆ ಸಾಲುತ್ತಿಲ್ಲ ಎಂಬುದರ ಲಕ್ಷಣ ಇದು.

ಇಲ್ಲಿ ನಾನೇ ಒಂದು ತಪ್ಪು ಮಾಡಲಿದ್ದೆ. ದಾರಿಯ ನಡುವಿನ ಒಂದು ರೂಟರ್ ಬೆಳಿಗ್ಗೆಯೂ ಶೇ 40ರಷ್ಟು ನಷ್ಟ ತೋರಿಸುತ್ತಿತ್ತು. ಅದನ್ನೇ ದಪ್ಪಕ್ಷರದಲ್ಲಿ ಪತ್ರಕ್ಕೆ ಹಾಕಿದ್ದೆ, ಆಮೇಲೆ ಅಳಿಸಿದೆ. ಇಂಥ ರೂಟರ್‌ಗಳು ತಮ್ಮನ್ನೇ ಉದ್ದೇಶಿಸಿದ ಪಿಂಗ್‌ಗೆ ಬೇಕೆಂದೇ ಕಡಿಮೆ ಉತ್ತರಿಸುತ್ತವೆ, ಆದರೆ ಹಾದುಹೋಗುವ ಪ್ಯಾಕೆಟ್‌ಗಳನ್ನು ಸರಿಯಾಗಿ ದಾಟಿಸುತ್ತವೆ. ಕೊನೆಯ ಜಾಗದಲ್ಲೂ ನಷ್ಟ ಉಳಿದರೆ ಮಾತ್ರ ಅದು ನಿಜವಾದ ನಷ್ಟ. ಆ ಸಾಲು ಪತ್ರದಲ್ಲಿ ಉಳಿದಿದ್ದರೆ ಅವರ ಎಂಜಿನಿಯರ್ ಅದೊಂದನ್ನೇ ಹಿಡಿದು ಉಳಿದದ್ದನ್ನೆಲ್ಲ ಬದಿಗಿಡುತ್ತಿದ್ದ.

ಪತ್ರ ಒಂದೇ ಪುಟ. ಗ್ರಾಹಕ ಸಂಖ್ಯೆ, ಹಳೆಯ ಮೂರು ದೂರುಗಳ ಡಾಕೆಟ್ ಸಂಖ್ಯೆ, ಪರೀಕ್ಷೆ ಹೇಗೆ ಮಾಡಿದೆ ಎಂದು ಎರಡು ವಾಕ್ಯ, ಎಂಟು ಸಾಲಿನ ಒಂದು ಪಟ್ಟಿ. ಪರದೆಯ ಮೂಲ ಫಲಿತಾಂಶವನ್ನು ಲಗತ್ತಿಸಿದೆ. ‘ಕಳಪೆ ಸೇವೆ’, ‘ಮೋಸ’ ಎಂಬ ಪದ ಎಲ್ಲೂ ಬಳಸಲಿಲ್ಲ. ಕೊನೆಗೆ ಮೂರು ಬೇಡಿಕೆ: ನಮ್ಮ ಬಡಾವಣೆಯ ಲಿಂಕ್ ರಾತ್ರಿ 8ರಿಂದ 11ರವರೆಗೆ ಎಷ್ಟು ತುಂಬುತ್ತದೆ ಎಂದು ಪರಿಶೀಲಿಸಿ, ಯಾವ ದಿನಾಂಕದೊಳಗೆ ಸರಿಪಡಿಸುವಿರಿ ತಿಳಿಸಿ, ಮಧ್ಯಾಹ್ನದ ಸ್ಪೀಡ್ ಟೆಸ್ಟ್ ಆಧಾರದ ಮೇಲೆ ದೂರು ಮುಚ್ಚಬೇಡಿ. ಟ್ರಾಯ್ 2006ರಲ್ಲಿ ಹೊರಡಿಸಿದ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮದಲ್ಲೇ ಪ್ಯಾಕೆಟ್ ನಷ್ಟಕ್ಕೆ ಶೇ 1ರ ಮಿತಿ ಇಟ್ಟಿತ್ತು ಎಂಬುದನ್ನೂ ಸೇರಿಸಿದೆ. ಅದು ಕಂಪನಿಯ ಜಾಲಕ್ಕೆ ಇಟ್ಟ ಮಾನದಂಡ, ನನ್ನೊಬ್ಬನ ಮನೆಗೆ ಕೊಟ್ಟ ಖಾತರಿಯಲ್ಲ. ಆದರೂ ಶೇ 6.5 ಎಷ್ಟು ಹೆಚ್ಚು ಎಂದು ಹೇಳಲು ಅಷ್ಟು ಸಾಕು.

ಟ್ರಾಯ್ ವೈಯಕ್ತಿಕ ದೂರುಗಳನ್ನು ತಾನೇ ವಿಚಾರಿಸುವುದಿಲ್ಲ. ಅದರ 2012ರ ನಿಯಮದಂತೆ ಮೊದಲು ಕಂಪನಿಯ ದೂರು ಕೇಂದ್ರ, ಅಲ್ಲಿ ಸಮಾಧಾನವಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಡಾಕೆಟ್ ಸಂಖ್ಯೆ ಬರೆದಿಟ್ಟುಕೊಳ್ಳದಿದ್ದರೆ ಈ ಮೆಟ್ಟಿಲು ಹತ್ತುವುದು ಕಷ್ಟ.

ಪತ್ರ ತಲುಪಿದ ಮೇಲೂ ಮೊದಲು ಬಂದವನು ಅದೇ ಹುಡುಗ, ಈ ಸಲ ಹೊಸ ರೂಟರ್ ಹಿಡಿದು. ಪಟ್ಟಿಯ ಮೊದಲ ಸಾಲು ತೋರಿಸಿ, ರೂಟರ್‌ವರೆಗೆ ನಷ್ಟವೇ ಇಲ್ಲವಲ್ಲಪ್ಪ ಎಂದೆ. ಅದರ ಫೋಟೊ ತೆಗೆದು ಮೇಲಿನವರಿಗೆ ಕಳಿಸಿದ. ಎರಡು ದಿನದ ಬಳಿಕ ಅವರ ನೆಟ್‌ವರ್ಕ್ ವಿಭಾಗದ ಎಂಜಿನಿಯರ್ ಕರೆ ಮಾಡಿ, ಲಿಂಕ್ ರಾತ್ರಿ ಪೂರ್ತಿ ತುಂಬುತ್ತಿರುವುದು ನಿಜ ಎಂದು ಒಪ್ಪಿದರು. ಹನ್ನೊಂದನೇ ದಿನ ಅದನ್ನು ಹೆಚ್ಚಿಸಿದರು. ಆ ರಾತ್ರಿ ಮುನ್ನೂರರಲ್ಲಿ ಒಂದೂ ಕಳೆಯಲಿಲ್ಲ. ಬಾಡಿಗೆಯಲ್ಲಿ ರಿಯಾಯಿತಿ ಮಾತ್ರ ಕೊಡಲಿಲ್ಲ.

ಆ ಲಿಂಕ್ ತುಂಬಿದ್ದು ಕಂಪನಿಯ ಗ್ರಾಫಿನಲ್ಲಿ ಮೊದಲೇ ಕಾಣುತ್ತಿತ್ತು. ಅವರಲ್ಲೇ ಇದ್ದ ಮಾಹಿತಿಯನ್ನು ಅವರಿಗೇ ಸಾಬೀತು ಮಾಡಲು ಎಂ.ಟೆಕ್. ಓದಿದ ಒಬ್ಬ ನಾಲ್ಕು ರಾತ್ರಿ ಕೂರಬೇಕಾಯಿತು. ಅದೇ ಕಟ್ಟಡದ ಕೆಳಮಹಡಿಯಲ್ಲಿ ಆನ್‌ಲೈನ್ ಟ್ಯೂಷನ್ ಹೇಳುವ ಅಕ್ಕ ತಿಂಗಳುಗಟ್ಟಲೆ ‘ನಮ್ಮ ವೈಫೈಯೇ ಸರಿ ಇಲ್ಲ’ ಎಂದುಕೊಂಡು ಎರಡು ರೂಟರ್ ಬದಲಿಸಿದ್ದರು. ರಾತ್ರಿಯ ದೂರನ್ನು ರಾತ್ರಿಯೇ ಪರೀಕ್ಷಿಸಬೇಕು, ಸ್ಪೀಡ್ ಜೊತೆ ನಷ್ಟವನ್ನೂ ಅಳೆಯಬೇಕು ಎಂಬ ನಿಯಮ ಕಂಪನಿಯ ಕಡೆ ಇರಬೇಕು. ಅದು ಬರುವವರೆಗೆ ಈ ಐದು ನಿಮಿಷದ ಪರೀಕ್ಷೆಯನ್ನು ನಿಮ್ಮ ಮನೆಯಲ್ಲೂ, ಗೊತ್ತಿಲ್ಲದ ನೆರೆಯವರ ಮನೆಯಲ್ಲೂ ಮಾಡಿಕೊಡಿ. ಒಂದೇ ಕಟ್ಟಡದಿಂದ ಎರಡು ಪಟ್ಟಿ ಹೋದರೆ ಅದನ್ನು ಒಬ್ಬರ ಮನೆಯ ತೊಂದರೆ ಎನ್ನುವುದು ಕಷ್ಟ.

ಈಗ ಅಪ್ಪ ಒಂದು ವಾಕ್ಯ ಮುಗಿಸಲು ಅರ್ಧ ನಿಮಿಷವೇ ತೆಗೆದುಕೊಳ್ಳುತ್ತಾರೆ. ಪೂರ್ತಿ ಕೇಳುತ್ತದೆ.