ಕೋಳಿ ಗೂಡು ಎಲ್ಲಿರಬೇಕು? ಮಗುವಿನ ಕರುಳಿನ ಲೆಕ್ಕವೂ ಇರಲಿ

ನಾಟಿ ಕೋಳಿ ಸಾಕಣೆ ಬಗ್ಗೆ ಬರೆಯುವಾಗ ನಾವೆಲ್ಲ ತಳಿ, ಲಸಿಕೆ, ಮೇವು, ಮೊಟ್ಟೆ ದರ ಅಂತ ಉದ್ದಕ್ಕೆ ಹೇಳ್ತೀವಿ. ಮನೆಯಲ್ಲಿ ಎರಡು ವರ್ಷದೊಳಗಿನ ಮಗು ಇದ್ದರೆ ಕೋಳಿ ಹಗಲು ಎಲ್ಲಿ ಓಡಾಡಬೇಕು, ರಾತ್ರಿ ಎಲ್ಲಿ ಮಲಗಬೇಕು ಅನ್ನೋದನ್ನು ಮಾತ್ರ ಹೇಳೋದಿಲ್ಲ. ಕೋಳಿಗೆ ರೋಗ ಬಾರದಂತೆ ಗೂಡು ಕಟ್ಟೋದನ್ನು ಕಲಿಸುವ ನಾವು, ಮಗುವಿನ ಕರುಳು ಕೆಡದಂತೆ ಗೂಡು ಕಟ್ಟೋದನ್ನೂ ಕಲಿಸಬೇಕು ಅನ್ನೋದು ನನ್ನ ಅಭಿಪ್ರಾಯ.

ಟೊಮೆಟೊ ಬೆಳೆದವರಿಗೆ ಬೇರುಗಂಟು ಜಂತುಹುಳು ಗೊತ್ತೇ ಇದೆ. ಗೊಬ್ಬರ ಹಾಕ್ತೀರಿ, ನೀರು ಬಿಡ್ತೀರಿ, ಆದರೂ ಗಿಡ ಮೇಲೇಳೋದಿಲ್ಲ. ಕಿತ್ತು ನೋಡಿದರೆ ಬೇರಿನ ತುಂಬಾ ಗಂಟು. ಗಿಡಕ್ಕೆ ಆಹಾರ ಕಡಿಮೆ ಆಗಿಲ್ಲ, ಅದನ್ನು ಎಳೆದುಕೊಳ್ಳುವ ಬೇರೇ ಕೆಟ್ಟಿದೆ. ಮಕ್ಕಳ ಸಣ್ಣ ಕರುಳಿನಲ್ಲೂ ಹೆಚ್ಚುಕಡಿಮೆ ಇಂಥದ್ದೇ ಒಂದು ತೊಂದರೆ ಆಗುತ್ತೆ. ವೈದ್ಯರು ಅದನ್ನು ಎನ್ವಿರಾನ್ಮೆಂಟಲ್ ಎಂಟರೋಪತಿ ಅಂತಾರೆ. ಪರಿಸರದ ಕೊಳಕಿನಿಂದ ಬರುವ ಕರುಳಿನ ಸವಕಳಿ ಅಂತ ಇಟ್ಟುಕೊಳ್ಳಿ.

ಸಣ್ಣ ಕರುಳಿನ ಒಳಗೋಡೆಯಲ್ಲಿ ಬೆರಳಿನಂಥ ಸೂಕ್ಷ್ಮ ಎಳೆಗಳಿರುತ್ತವೆ. ತಿಂದ ಅನ್ನದ ಸಾರವನ್ನು ಹೀರೋದು ಅವೇ. ಮಲದಲ್ಲಿರುವ ಬ್ಯಾಕ್ಟೀರಿಯಾ ದಿನಾ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋಗುತ್ತಿದ್ದರೆ ಈ ಎಳೆಗಳು ಮೊಂಡಾಗುತ್ತವೆ, ಹೀರುವ ಜಾಗ ಕಡಿಮೆಯಾಗುತ್ತದೆ. ಗೋಡೆಯ ಜೀವಕೋಶಗಳ ನಡುವಿನ ಬಿಗಿ ಸಡಿಲಾಗಿ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೋರುತ್ತವೆ. ಆಗ ಮೈಯಲ್ಲಿ ಸದಾ ಒಂದು ಸಣ್ಣ ಉರಿಯೂತ. ಅದರ ವಿರುದ್ಧ ಹೋರಾಡಲು ಶಕ್ತಿ ಖರ್ಚಾಗುತ್ತದೆ, ಮೂಳೆ ಉದ್ದವಾಗಲು ಬೇಕಾದ ಬೆಳವಣಿಗೆಯ ಹಾರ್ಮೋನುಗಳೂ ತಗ್ಗುತ್ತವೆ. ಮಗು ಗಿಡ್ಡವಾಗೇ ಉಳಿಯುತ್ತದೆ.

ಇದರಲ್ಲಿ ಮೋಸದ ಸಂಗತಿ ಏನಂದ್ರೆ, ಭೇದಿ ಆಗಲೇಬೇಕು ಅಂತಿಲ್ಲ. ತಮಿಳುನಾಡಿನ ವೆಲ್ಲೂರು ಸೇರಿ ಎಂಟು ದೇಶಗಳ ಎಂಟು ಕಡೆ ಮಕ್ಕಳನ್ನು ಹುಟ್ಟಿದಾಗಿನಿಂದ ಗಮನಿಸಿದ ಮಾಲ್-ಎಡ್ ಅಧ್ಯಯನದಲ್ಲಿ, ಭೇದಿ ಇಲ್ಲದ ದಿನಗಳಲ್ಲೂ ಶಿಗೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್, ಜಿಯಾರ್ಡಿಯಾದಂಥ ಸೂಕ್ಷ್ಮಜೀವಿಗಳು ಮಲದಲ್ಲಿ ಕಂಡ ಮಕ್ಕಳು ಕಡಿಮೆ ಬೆಳೆದಿದ್ದು ಗೊತ್ತಾಯಿತು. ಅಂದರೆ 'ನಮ್ಮ ಮಗೂಗೆ ಹೊಟ್ಟೆ ಕೆಟ್ಟೇ ಇಲ್ವಲ್ಲ' ಅನ್ನೋದು ಭದ್ರತೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಎಲ್ಲದಕ್ಕೂ ಕರುಳೇ ಕಾರಣ ಅಲ್ಲ. ತಾಯಿಯ ಪೋಷಣೆ, ಹುಟ್ಟಿದ ತೂಕ, ತಟ್ಟೆಯಲ್ಲಿ ಏನಿದೆ ಅನ್ನೋದೂ ಸೇರುತ್ತದೆ.

ಇದಕ್ಕೂ ಕೋಳಿಗೂ ಏನು ಸಂಬಂಧ? ಜಿಂಬಾಬ್ವೆಯ ಹಳ್ಳಿಗಳಲ್ಲಿ ಸಂಶೋಧಕರು ಅಂಬೆಗಾಲಿಡುವ ಮಕ್ಕಳ ಪಕ್ಕ ಗಂಟೆಗಟ್ಟಲೆ ಕೂತು, ಬಾಯಿಗೆ ಏನೇನು ಹೋಗುತ್ತೆ ಅಂತ ಬರೆದುಕೊಂಡರು. ಕೆಲವು ಮಕ್ಕಳು ಅಂಗಳದ ಮಣ್ಣನ್ನು ಮತ್ತೆ ಮತ್ತೆ ತಿಂದರು, ಕೋಳಿ ಹಿಕ್ಕೆಯನ್ನೂ ಬಾಯಿಗಿಟ್ಟರು. ಆ ಹಿಕ್ಕೆಯಲ್ಲಿ ಮಲದ ಬ್ಯಾಕ್ಟೀರಿಯಾ ಕುಡಿಯುವ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ನೀರು ಕಾಯಿಸಿ ಕುಡಿಸಿ, ಆಮೇಲೆ ಮಗೂನ ಅಂಗಳಕ್ಕೆ ಬಿಟ್ಟರೆ ಲೆಕ್ಕ ಅಲ್ಲೇ ತಪ್ಪುತ್ತದೆ.

'ಹಾಗಾದ್ರೆ ಕೋಳಿ ಕೂಡಿಹಾಕಿಬಿಡೋಣ' ಅಂತೀರಿ. ಇಲ್ಲೇ ಎಚ್ಚರ ಬೇಕು. ಪೆರು ದೇಶದ ಲಿಮಾ ಹೊರವಲಯದಲ್ಲಿ ಕೋಳಿಗಳನ್ನು ಮನೆ ಹತ್ತಿರದ ಆವರಣದಲ್ಲಿ ಕೂಡಿಹಾಕಿ ನೋಡಿದರು. ಆ ಮನೆಗಳ ಮಕ್ಕಳಲ್ಲಿ ಕ್ಯಾಂಪೈಲೋಬ್ಯಾಕ್ಟರ್ ಭೇದಿ ಇಳಿಯೋ ಬದಲು ಏರಿತು. ಇಥಿಯೋಪಿಯಾದ ಅಂಕಿಅಂಶಗಳಲ್ಲಿ ಕೋಳಿ ಸಾಕುವ ಮನೆಗಳ ಮಕ್ಕಳು ಎತ್ತರದಲ್ಲಿ ಸ್ವಲ್ಪ ಮುಂದಿದ್ದರು. ಆದರೆ ರಾತ್ರಿ ಕೋಳಿಯನ್ನು ಮನೆಯೊಳಗೇ ಇಟ್ಟುಕೊಳ್ಳುವ ಕಡೆ ಹಿಂದಿದ್ದರು. ನನಗೆ ಇದರಿಂದ ತಿಳಿಯೋದು ಇಷ್ಟು: ಕೋಳಿ ಇರೋದು ತಪ್ಪಲ್ಲ. ಹಿಕ್ಕೆ ಒಂದೇ ಕಡೆ ಗುಡ್ಡೆಯಾಗಿ, ಆ ಜಾಗಕ್ಕೆ ಮಗು ತಲುಪುವಂತಿದ್ದರೆ ತಪ್ಪು. ನಮ್ಮಲ್ಲೂ ಕಳ್ಳರ, ನಾಯಿಗಳ ಭಯಕ್ಕೆ ರಾತ್ರಿ ಅಡುಗೆಮನೆ ಮೂಲೆಯಲ್ಲಿ ಮಂಕರಿ ಕವುಚುವ ಅಭ್ಯಾಸ ಇದೆ. ಮೊದಲು ಬಿಡಬೇಕಾದ್ದು ಅದನ್ನೇ.

ಹತ್ತು ಕೋಳಿ, ಒಂಬತ್ತು ತಿಂಗಳ ಒಂದು ಮಗು ಇರುವ ಮನೆ ಅಂದುಕೊಳ್ಳಿ. ಇಡೀ ದಿನ ಕೂಡಿಹಾಕಿದರೆ ಕೋಳಿಗೆ ದಿನಕ್ಕೆ ನೂರು ಗ್ರಾಂನಂತೆ ಒಂದು ಕೆಜಿ ಮೇವು ಬೇಕು. ಬಡವರ ಮನೆಗೆ ಇದು ಆಗದ ಮಾತು, ನಾಲ್ಕೇ ದಿನಕ್ಕೆ ಗೂಡಿನ ಬಾಗಿಲು ತೆಗೆದುಬಿಡ್ತಾರೆ. ಅದಕ್ಕೇ ಕೋಳಿ ರಾತ್ರಿ ಮಾತ್ರ ಗೂಡಿನಲ್ಲಿರಲಿ, ಬೇಲಿ ಮಗುವಿನ ಜಾಗಕ್ಕೆ ಬರಲಿ ಅಂತೀನಿ. ರಾತ್ರಿ ಗೂಡಿಗೆ ಕೋಳಿಗೊಂದು ಚದರ ಅಡಿ ಸಾಕು, ಅಂದರೆ ನಾಲ್ಕಕ್ಕೆ ಎರಡೂವರೆ ಅಡಿ. ಹಿತ್ತಲಿನ ಆಚೆ ತುದಿಯಲ್ಲಿ, ಬಾವಿ ಮತ್ತು ಅಡುಗೆಮನೆ ಬಾಗಿಲಿಂದ ದೂರ, ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಕಟ್ಟಿ. ತಳಕ್ಕೆ ಬಿದಿರು ದಬ್ಬೆ ಹಾಕಿದರೆ ಹಿಕ್ಕೆ ಕೆಳಗೆ ಬೀಳುತ್ತೆ. ದಿನಾ ಬೆಳಿಗ್ಗೆ ಅದನ್ನು ಗುದ್ದಲಿಯಲ್ಲಿ ಬಾಚಿ ತಿಪ್ಪೆಗೆ ಸೇರಿಸಿ. ಹಗಲು ಕೋಳಿ ತೋಟದ ಕಡೆ ಮೇಯಲಿ. ಮಗು ಆಡುವ ಜಗಲಿಗೆ ನಾಲ್ಕಡಿ ಜಾಲರಿ ಕಟ್ಟಿ, ತೊಳೆಯಬಹುದಾದ ಚಾಪೆ ಹಾಸಿ. ಜಾಲರಿ ಹಾರಿ ಬರುವ ಕೋಳಿಗೆ ಒಂದು ರೆಕ್ಕೆಯ ಉದ್ದ ಗರಿ ಕತ್ತರಿಸಿದರೆ ಸಾಕು.

ಸಾವಯವದವರಾದ ನಮಗೆ ಇನ್ನೊಂದು ಮಾತು. ಜೀವಾಮೃತದ ಡ್ರಮ್ಮಿನಲ್ಲಿ ಹತ್ತು ಕೆಜಿ ಸಗಣಿಗೆ ಬೆಲ್ಲ ಹಾಕಿ ನಾವು ಬೆಳೆಸೋದೇ ಸೂಕ್ಷ್ಮಜೀವಿಗಳನ್ನು, ಎಲ್ಲವೂ ಒಳ್ಳೆಯವೇ ಆಗಿರಬೇಕಿಲ್ಲ. ಆ ಡ್ರಮ್ಮು ಅಂಗಳದಲ್ಲಿ ಬೇಡ. ಕಲಕಿದ ಕೈಯನ್ನು ಸೋಪು ಹಾಕಿ ತೊಳೆದೇ ಮಗು ಎತ್ತಿಕೊಳ್ಳಿ. ತಿಪ್ಪೆಯ ಒಳಗೆ 55 ಡಿಗ್ರಿ ಮೇಲೆ ಕಾವು ಮೂರು ದಿನವಾದರೂ ನಿಲ್ಲಬೇಕು, ಮಗುಚಿ ಹೊರಗಿನದ್ದು ಒಳಕ್ಕೆ ಹೋಗಬೇಕು. ಹಸಿ ಹಿಕ್ಕೆಯನ್ನು ಸೊಪ್ಪಿನ ಮಡಿಗೆ ಹಾಕಲೇಬೇಡಿ.

ಇಷ್ಟು ಮಾಡಿದರೆ ಮಗು ಎತ್ತರ ಬೆಳೆದೇ ಬೆಳೆಯುತ್ತೆ ಅಂತ ಹೇಳಲಾರೆ. ಜಿಂಬಾಬ್ವೆಯ ಶೈನ್ ಪ್ರಯೋಗದಲ್ಲಿ ಶೌಚಾಲಯ, ಕೈತೊಳೆಯುವ ವ್ಯವಸ್ಥೆ, ಕ್ಲೋರಿನ್, ಮಗುವಿಗೆ ಆಟದ ಜಾಗ ಎಲ್ಲ ಕೊಟ್ಟರೂ ಎತ್ತರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆರರಿಂದ ಹದಿನೆಂಟು ತಿಂಗಳವರೆಗೆ ದಿನಾ 20 ಗ್ರಾಂ ಪೌಷ್ಟಿಕ ಪೇಸ್ಟು ಮತ್ತು ಉಣಿಸುವ ಸಲಹೆ ಪಡೆದ ಗುಂಪುಗಳಲ್ಲಿ ಕುಂಠಿತ ಮಕ್ಕಳು ಶೇ. 35ರಿಂದ 27ಕ್ಕೆ ಇಳಿದರು. ಇದನ್ನು ಹಿಡಿದು ಸ್ವಚ್ಛತೆ ವ್ಯರ್ಥ ಅನ್ನುವವರಿದ್ದಾರೆ. ನಾನು ಒಪ್ಪೋದಿಲ್ಲ. ಹೊಲದ ತುಂಬಾ ಜಂತುಹುಳು ಇರುವಾಗ ಒಂದು ಸಾಲಿಗೆ ಬೇವಿನ ಹಿಂಡಿ ಹಾಕಿದರೆ ಬೇರು ಉಳಿಯೋದಿಲ್ಲ. ಸಿಕ್ಕ ಕೊಳಕಿನಲ್ಲಿ ಸ್ವಲ್ಪ ತಗ್ಗಿದರೆ ಸಾಲದು, ಬಹಳ ತಗ್ಗಬೇಕು. ಜೊತೆಗೆ ಊಟವೂ ಬೇಕು. ಆರು ತಿಂಗಳವರೆಗೆ ಎದೆಹಾಲು ಮಾತ್ರ. ಆಮೇಲೆ ಗೂಡಿನ ಮೊಟ್ಟೆ ಮೊದಲು ಸಂತೆಗಲ್ಲ, ಚೆನ್ನಾಗಿ ಬೇಯಿಸಿ ಮಗುವಿನ ತಟ್ಟೆಗೆ.

ಫಲ ಸಿಗ್ತಾ ಇದೆಯಾ ಅಂತ ನೋಡಲು ತೂಕ ಒಂದೇ ಸಾಲದು. ಅಂಗನವಾಡಿಯಲ್ಲಿ ಮಗೂನ ಮಲಗಿಸಿ ಉದ್ದ ಅಳೆಯಲು ಕೇಳಿ, ಎರಡು ಮೂರು ತಿಂಗಳಿಗೊಮ್ಮೆ ಬರೆದಿಡಿ. ಒಂದು ವರ್ಷದ ಹೆಣ್ಣುಮಗು ಸರಾಸರಿ 74 ಸೆಂ.ಮೀ. ಇರುತ್ತದೆ, 69ಕ್ಕಿಂತ ಕಡಿಮೆ ಇದ್ದರೆ ಕುಂಠಿತ ಅಂತ ಲೆಕ್ಕ. ಆ ಗೆರೆ ಮುಟ್ಟುವವರೆಗೆ ಕಾಯಬೇಡಿ. ಎರಡು ಅಳತೆಗಳ ನಡುವೆ ಏರಿಕೆ ನಿಂತಂತೆ ಕಂಡರೇ ವೈದ್ಯರಿಗೆ ತೋರಿಸಿ. ಸವೆದ ಕರುಳಿಗೆ ಇಂಥದ್ದೇ ಅನ್ನುವ ಒಂದು ಮಾತ್ರೆ ಇನ್ನೂ ಬಂದಿಲ್ಲ. ಎತ್ತರ ಹೆಚ್ಚಾಗಿ ಕೈಬಿಟ್ಟುಹೋಗೋದು ಮೊದಲ ಎರಡು ವರ್ಷದಲ್ಲೇ. ಈ ಹಂಗಾಮಿನಲ್ಲಿ ಹೊಸ ಗೂಡು ಕಟ್ಟುವವರು ಟೇಪು ಹಿಡಿಯುವ ಮೊದಲು ಮಗು ಎಲ್ಲಿ ಅಂಬೆಗಾಲಿಡುತ್ತೆ ಅಂತ ನೋಡಿ, ಅಲ್ಲಿಂದ ದೂರಕ್ಕೆ ಗೂಟ ನೆಡಿ.