IE ಅಂದರೆ ‘ನೀರು ಬರಲಿಲ್ಲ’ ಅಂತ

ಕಳೆದ ತಿಂಗಳು ಒಂದು ಬೆಳಿಗ್ಗೆ ಏಳಕ್ಕೇ ಹಿರಿಯೂರಿನ ಮಗಳ ಮನೆಯಿಂದ ಫೋನು ಬಂತು. ಮಾತಾಡಿದವಳು ಆರನೇ ತರಗತಿಯ ಮೊಮ್ಮಗಳು. “ತಾತ, ವಾಷಿಂಗ್ ಮೆಷಿನ್ ಕೆಟ್ಟುಹೋಯ್ತು. IE ಅಂತ ತೋರಿಸ್ಕೊಂಡು ಕುಯ್ ಕುಯ್ ಅಂತ ಕೂಗ್ತಾ ಇದೆ. ಅಮ್ಮ ಮೆಕ್ಯಾನಿಕ್‌ಗೆ ಹೇಳ್ತಾಳಂತೆ.”

“ಕೆಟ್ಟಿದೆ ಅಂತ ಯಾರು ಹೇಳಿದ್ರು? ಅದು ಏನೋ ಹೇಳ್ತಾ ಇದೆ ಅಷ್ಟೆ. ಹನ್ನೊಂದು ಗಂಟೆಗೆ ಬರ್ತೀನಿ, ಅಲ್ಲಿವರೆಗೂ ತಡೀರಿ” ಅಂದು ಚಿತ್ರದುರ್ಗದಲ್ಲಿ ಬಸ್ ಹತ್ತಿದೆ.

ನಾನು ಬ್ಯಾಂಕಿನಲ್ಲಿದ್ದಾಗ ಚೆಕ್ ವಾಪಸಾದರೆ ಅದರ ಜೊತೆಗೊಂದು ಚೀಟಿ ಇಟ್ಟು ಕೊಡುತ್ತಿದ್ದೆವು. ಖಾತೆಯಲ್ಲಿ ಹಣ ಸಾಲದು, ಸಹಿ ಹೊಂದುತ್ತಿಲ್ಲ, ತಾರೀಖು ಮುಂದಿನದು, ಹೀಗೆ ಯಾವುದೋ ಒಂದು ಕಾರಣ ಅದರಲ್ಲಿ ಇರುತ್ತಿತ್ತು. ಯಂತ್ರದ ಪರದೆಯ ಮೇಲೆ ಬರುವ ಎರಡು ಅಕ್ಷರವೂ ಅಂಥದೇ ಚೀಟಿ. ಆದರೆ ಅದು ಯಾವ ಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ. ತಾನು ಏನಕ್ಕೆ ಕಾದೆ, ಏನು ಆಗಲಿಲ್ಲ ಎಂದಷ್ಟೇ ಹೇಳುತ್ತದೆ.

IE ಎಂದರೆ ನೀರಿನ ದೂರು. ಎಲ್‌ಜಿ ಯಂತ್ರಗಳಲ್ಲಿ ಹೀಗೆ ಬರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಇದೇ ದೂರು 4C ಅಥವಾ 4E ಎಂದು ಬರುತ್ತದೆ. ಬಟ್ಟೆ ಹಾಕಿ ಗುಂಡಿ ಒತ್ತಿದ ಮೇಲೆ ಯಂತ್ರ ತನ್ನ ನೀರಿನ ವಾಲ್ವ್ ತೆರೆದು ಕಾಯುತ್ತದೆ. ಇಷ್ಟು ನಿಮಿಷದೊಳಗೆ ಇಷ್ಟು ಮಟ್ಟ ಏರಬೇಕು ಎಂಬ ಲೆಕ್ಕ ಅದಕ್ಕಿದೆ. ಏರದಿದ್ದರೆ ಕೆಲಸ ನಿಲ್ಲಿಸಿ ಕೂಗುತ್ತದೆ. ಟ್ಯಾಂಕ್ ಖಾಲಿಯಾಗಿದ್ದರೂ, ನಲ್ಲಿ ಮುಚ್ಚಿದ್ದರೂ, ಪೈಪು ಮಡಚಿಕೊಂಡಿದ್ದರೂ ಅದಕ್ಕೆ ಎಲ್ಲಾ ಒಂದೇ. ಕಾರಣ ಹುಡುಕುವುದು ನಮ್ಮ ಕೆಲಸ. ಅದಕ್ಕೇ ನೀರು ಬರುವ ದಾರಿಯನ್ನೇ ಹಿಡಿದು ಹೊರಗಿನಿಂದ ಒಳಕ್ಕೆ ಹೋಗಬೇಕು.

ಮಗಳ ಮನೆಯಲ್ಲಿ ಹಾಗೇ ಮಾಡಿದೆವು. ಮೊಮ್ಮಗಳು ಮಹಡಿಗೆ ಓಡಿ ಹೋಗಿ ನೋಡಿ ಬಂದಳು, ಟ್ಯಾಂಕ್ ತುಂಬಿತ್ತು. ಯಂತ್ರದ ನಲ್ಲಿ ಪೂರ್ತಿ ತೆರೆದಿತ್ತು. ಪೈಪು ಎಲ್ಲೂ ಮಡಚಿರಲಿಲ್ಲ. ಆಮೇಲೆ ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಯಂತ್ರದ ಹಿಂಬದಿಗೆ ಸೇರುವ ಪೈಪನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿದೆ. ಪೈಪಿನಲ್ಲಿ ಉಳಿದ ನೀರು ಸುರಿಯುತ್ತದೆ, ಕೆಳಗೊಂದು ಬೇಸಿನ್ ಇಟ್ಟಿರಬೇಕು. ಬಿಚ್ಚಿದ ತುದಿಯನ್ನು 10 ಲೀಟರಿನ ಬಕೆಟ್‌ಗೆ ಹಿಡಿದು ನಲ್ಲಿ ತೆರೆದೆ. ಮೊಮ್ಮಗಳು ಗಡಿಯಾರ ನೋಡುತ್ತಾ ನಿಂತಳು. ಒಂದು ನಿಮಿಷದೊಳಗೆ ಬಕೆಟ್ ತುಂಬಿತು.

“ಹಾಗಾದ್ರೆ ಪೈಪಿನವರೆಗೂ ನೀರು ಚೆನ್ನಾಗೇ ಬರ್ತಾ ಇದೆಯಲ್ಲ ತಾತ?” ಅಂದಳು.

“ಬರ್ತಾ ಇದೆ. ಅಂದ್ರೆ ಬಾಗಿಲಲ್ಲೇ ಯಾರೋ ತಡೀತಾ ಇದಾರೆ” ಅಂದೆ.

ಪೈಪು ಸೇರುವ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಹೆಬ್ಬೆರಳ ಉಗುರಿನಷ್ಟಗಲದ ಒಂದು ಜಾಲರಿ ಕಾಣುತ್ತದೆ. ಅದರ ನಡುವೆ ಹಿಡಿಯಲು ಸಣ್ಣ ಮೂಗು ಇರುತ್ತದೆ. ಇಕ್ಕಳದಿಂದ ಅದನ್ನು ಮೆಲ್ಲಗೆ ನೇರಕ್ಕೆ ಎಳೆದೆ. ಜಾಲರಿಯ ಕಣ್ಣುಗಳೆಲ್ಲ ಕೆಂಪು ಕೆಸರು ಮೆತ್ತಿ ಮುಚ್ಚಿದ್ದವು, ಅಂಚಿಗೆ ಬಿಳಿ ಹೆಕ್ಕಳೆ ಕಟ್ಟಿತ್ತು.

ಆಗ ಮಗಳಿಗೆ ನೆನಪಾಯಿತು. “ಹೋದ ಭಾನುವಾರ ಟ್ಯಾಂಕ್ ತೊಳೆಸಿದ್ದೆ ಅಪ್ಪ.” ಅಲ್ಲಿಗೆ ಲೆಕ್ಕ ಸರಿಹೋಯಿತು. ತೊಳೆಯುವಾಗ ಟ್ಯಾಂಕಿನ ತಳದ ಕೆಸರು ಕದಡಿ ಪೈಪಿಗಿಳಿದಿತ್ತು. ಬಿಳಿ ಹೆಕ್ಕಳೆ ಬೋರ್‌ವೆಲ್ಲಿನ ಗಡಸು ನೀರಿನದು, ನಮ್ಮ ಜಿಲ್ಲೆಯ ಸೋಲಾರ್ ಹೀಟರಿನಲ್ಲೂ ಟೀ ಕಾಯಿಸುವ ಪಾತ್ರೆಯಲ್ಲೂ ಕೂರುವುದು ಅದೇ. ಜಾಲರಿಯನ್ನು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಅರ್ಧ ಗಂಟೆ ನಿಂಬೆರಸದಲ್ಲಿ ನೆನೆಸಿಟ್ಟೆ. ತೊಳೆದು ಇದ್ದ ಹಾಗೇ ಕೂರಿಸಿದೆ. ಪೈಪಿನ ರಬ್ಬರ್ ವಾಷರ್ ಸರಿಯಾಗಿದೆಯೇ ನೋಡಿ, ಕೈಯಿಂದಲೇ ಬಿಗಿದೆ. ನಲ್ಲಿ ತೆರೆದು ಎರಡು ನಿಮಿಷ ನೋಡಿದೆವು, ಹನಿ ಬೀಳಲಿಲ್ಲ. ಆಮೇಲೆ ಪ್ಲಗ್ ಹಾಕಿದೆವು. ಬಟ್ಟೆ ಒಗೆದು ಮುಗಿಯಿತು, IE ಮತ್ತೆ ಬರಲಿಲ್ಲ.

ಜಾಲರಿಯೇ ತೊಂದರೆ ಕೊಡುತ್ತದೆ ಎಂದು ಅದನ್ನು ತೆಗೆದೆಸೆಯುವವರಿದ್ದಾರೆ. ಹಾಗೆ ಮಾಡಬೇಡಿ. ಮರಳು ನೇರ ವಾಲ್ವಿಗೆ ಹೋಗಿ ಕೂತರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಯಂತ್ರ ಆರಿಸಿದ ಮೇಲೂ ನೀರು ಒಳಗೆ ಸೋರುತ್ತಲೇ ಇರುತ್ತದೆ. ಟ್ಯಾಂಕ್ ತೊಳೆಸಿದ ದಿನ ಮೊದಲ ಒಂದೆರಡು ಬಕೆಟ್ ನೀರನ್ನು ಬೇರೆ ನಲ್ಲಿಯಿಂದ ಹೊರಗೆ ಬಿಟ್ಟರೆ ಸಾಕು.

ಒಂದು ವೇಳೆ ಬಕೆಟ್ ತುಂಬಲು ನಾಲ್ಕೈದು ನಿಮಿಷ ಹಿಡಿದಿದ್ದರೆ? ಆಗ ತಪ್ಪು ಯಂತ್ರದ್ದಲ್ಲ, ನೀರಿನ ಒತ್ತಡದ್ದು. ಮಕ್ಕಳೇ, ಇದು ಸುಲಭದ ಲೆಕ್ಕ. ನೀರು 1 ಮೀಟರ್ ಎತ್ತರದಲ್ಲಿದ್ದರೆ ಸುಮಾರು 0.1 ಬಾರ್ ಒತ್ತಡ ಸಿಗುತ್ತದೆ. ಟ್ಯಾಂಕಿನ ನೀರು ಯಂತ್ರಕ್ಕಿಂತ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್. ನಿಮ್ಮ ಯಂತ್ರಕ್ಕೆ ಕನಿಷ್ಠ ಎಷ್ಟು ಬೇಕೆಂದು ಅದರ ಪುಸ್ತಕದಲ್ಲಿ ಬರೆದಿರುತ್ತದೆ. ಅದು 0.5 ಆಗಿದ್ದರೆ ಟ್ಯಾಂಕನ್ನು ಎತ್ತರಿಸಬೇಕು, ಇಲ್ಲವೇ ಸಣ್ಣ ಪ್ರೆಶರ್ ಪಂಪ್ ಹಾಕಿಸಬೇಕು. ಜಾಲರಿ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ.

ಮನೆಯವರೇ ಬಗೆಹರಿಸಬಹುದಾದ ದೂರುಗಳು ಇನ್ನು ಕೆಲವಿವೆ. ಎಲ್‌ಜಿಯಲ್ಲಿ OE, ಸ್ಯಾಮ್‌ಸಂಗ್‌ನಲ್ಲಿ 5C ಅಥವಾ 5E ಬಂದರೆ ಕೊಳೆ ನೀರು ಹೊರಗೆ ಹೋಗುತ್ತಿಲ್ಲ ಎಂದರ್ಥ. ಹೊಳಲ್ಕೆರೆಯ ನನ್ನ ತಂಗಿಯ ಮನೆಯಲ್ಲಿ ಇದೇ ಆಗಿತ್ತು. ಮುಂದೆ ಬಾಗಿಲಿರುವ ಯಂತ್ರಗಳಲ್ಲಿ ಕೆಳಗಿನ ಮೂಲೆಯ ಸಣ್ಣ ಮುಚ್ಚಳದೊಳಗೆ ಒಂದು ತಿರುಗಿಸುವ ಫಿಲ್ಟರ್ ಇರುತ್ತದೆ. ಪ್ಲಗ್ ಕಿತ್ತು, ನೀರು ತಣ್ಣಗಾಗಿದೆ ಎಂದು ಖಚಿತ ಮಾಡಿಕೊಂಡು, ತಟ್ಟೆ ಇಟ್ಟು ಬಿಚ್ಚಿದರೆ ಅವಳಿಗೆ ಒಂದು ಎರಡು ರೂಪಾಯಿ ನಾಣ್ಯ, ಎರಡು ಗುಂಡಿ, ಒಂದು ಹೇರ್‌ಪಿನ್ ಸಿಕ್ಕವು. UE ಬಂದರೆ ಬಟ್ಟೆಯ ಭಾರ ಒಂದೇ ಕಡೆಗೆ ಬಿದ್ದಿದೆ. ಒಂಟಿ ಬೆಡ್‌ಶೀಟ್ ಹಿಂಡಲು ಹಾಕಿದಾಗ ಹೀಗಾಗುತ್ತದೆ, ಬಿಡಿಸಿ ಹರಡಿ ಹಾಕಿದರೆ ಆಯಿತು. dE ಬಂದರೆ ಬಾಗಿಲಿಗೆ ಬಟ್ಟೆ ಸಿಕ್ಕಿಕೊಂಡಿದೆಯೇ ನೋಡಿ ಮತ್ತೊಮ್ಮೆ ಮುಚ್ಚಿ.

ಇಷ್ಟು ತಿಳಿದ ಮೇಲೆ ಎಲ್ಲವನ್ನೂ ಬಲ್ಲೆ ಎಂದುಕೊಂಡಿದ್ದೆ. ಹೊಸದುರ್ಗದಿಂದ ನನ್ನ ಭಾವಮೈದ ಫೋನ್ ಮಾಡಿ “ಭಾವ, LE ಬಂದಿದೆ” ಅಂದ. “ಅದು ಮೋಟರಿನ ದೂರು, ಬಟ್ಟೆ ಜಾಸ್ತಿ ಹಾಕಿದ್ದೀಯ, ಸ್ವಲ್ಪ ತೆಗೆದು ಮತ್ತೆ ಹಾಕು” ಅಂದೆ. ಎಲ್‌ಜಿಯಲ್ಲಿ ಅದು ಸರಿ. ಅವನದು ಸ್ಯಾಮ್‌ಸಂಗ್. ಅದರಲ್ಲಿ LE ಅಂದರೆ ನೀರು ಸೋರುತ್ತಿದೆ ಎಂದು. “ಕಾಲಡಿ ಯಾಕೋ ಒದ್ದೆ ಭಾವ” ಅಂದಾಗ ನನ್ನ ಎದೆ ಧಸಕ್ಕೆಂದಿತು. ಒದ್ದೆ ನೆಲದಲ್ಲಿ ನಿಂತು ಪ್ಲಗ್ ಮುಟ್ಟಬೇಡ, ಮೊದಲು ಹೊರಗೆ ಹೋಗಿ ಮನೆಯ ಮೇನ್ ಸ್ವಿಚ್ ಆರಿಸು ಎಂದು ಕೂಗಿದೆ. ಆಮೇಲೆ ನಲ್ಲಿ ಮುಚ್ಚಿಸಿ, ಮೆಕ್ಯಾನಿಕ್ ಬರುವವರೆಗೂ ಯಂತ್ರ ಮುಟ್ಟದಂತೆ ಹೇಳಿದೆ.

ಅಕ್ಷರ ಒಂದೇ ಆದರೂ ಕಂಪನಿ ಬೇರೆಯಾದರೆ ಅರ್ಥ ಬೇರೆ. ನನ್ನ ಈ ಬರಹಕ್ಕಿಂತ ನಿಮ್ಮ ಯಂತ್ರದ ಪುಸ್ತಕವೇ ದೊಡ್ಡದು. ನೆಲಕ್ಕೆ ನೀರು ಸೋರಿದರೆ, ಸುಟ್ಟ ವಾಸನೆ ಬಂದರೆ, ಮುಟ್ಟಿದಾಗ ಚುರ್ ಎಂದರೆ, ನೀರು ನಿಲ್ಲದೆ ತುಂಬುತ್ತಲೇ ಇದ್ದರೆ ಅದು ಮೆಕ್ಯಾನಿಕ್‌ನ ಕೆಲಸ. ಪ್ಲಗ್ ಕಿತ್ತು ಹಾಕಿ ಅಕ್ಷರವನ್ನು ಅಳಿಸಿದ ಮೇಲೆ ಅದೇ ಮತ್ತೆ ಬಂದರೂ ಅಷ್ಟೆ. ಖಾತೆಯಲ್ಲಿ ಹಣ ಹಾಕದೆ ಅದೇ ಚೆಕ್ಕನ್ನು ಎರಡನೇ ಸಲ ಕೊಟ್ಟರೆ ಎರಡನೇ ಸಲವೂ ವಾಪಸೇ ಬರುತ್ತದೆ.

ಮಕ್ಕಳೇ, ಪೈಪು ಬಿಚ್ಚುವುದು ದೊಡ್ಡವರ ಕೆಲಸ. ಟ್ಯಾಂಕ್ ನೋಡಿ ಬರುವುದು, ಗಡಿಯಾರ ಹಿಡಿಯುವುದು, ಪುಸ್ತಕದಲ್ಲಿ ಅಕ್ಷರ ಹುಡುಕುವುದು ನಿಮ್ಮದು. ನನ್ನ ಮೊಮ್ಮಗಳು ಜಾಲರಿ ತೊಳೆದ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿದ್ದಾಳೆ. ಮೂರು ತಿಂಗಳ ಮುಂದಿನ ಪುಟದಲ್ಲಿ ಇನ್ನೊಂದು ತಾರೀಖಿಗೆ ಗುರುತು ಹಾಕಿ, ಪಕ್ಕದಲ್ಲಿ ‘ತಾತ ಬರಬೇಕು’ ಎಂದೂ ಬರೆದಿದ್ದಾಳೆ.