ಪಾಠದ ಜೊತೆಗೇ ಪೆನ್ಸಿಲ್

ಹತ್ತನೇ ತರಗತಿಯ ಎಷ್ಟೋ ಮಕ್ಕಳು ಜೀವಶಾಸ್ತ್ರದ ಚಿತ್ರಗಳನ್ನೂ ಭಾರತದ ನಕ್ಷೆಯನ್ನೂ ಪರೀಕ್ಷೆ ಹತ್ತಿರ ಬಂದಾಗಲೇ ಕೈಗೆತ್ತಿಕೊಳ್ಳುತ್ತಾರೆ. ಮೊದಲು ಓದಿ ಮುಗಿಸೋಣ, ಚಿತ್ರ ಆಮೇಲೆ ತಿದ್ದಿದರಾಯಿತು ಎಂಬ ಲೆಕ್ಕ. ನನಗೆ ಈ ಲೆಕ್ಕವೇ ತಪ್ಪಾಗಿ ಕಾಣುತ್ತದೆ.

ಹೃದಯದ ನೀಳಛೇದ ಬರೆಯುವ ಹುಡುಗಿ ಎಲ್ಲಿ ತಡೆಯುತ್ತಾಳೆ ಎಂದು ಗಮನಿಸಿ. ಹೊರಗೆರೆ ಬೇಗ ಮುಗಿಯುತ್ತದೆ. ಪೆನ್ಸಿಲ್ ನಿಲ್ಲುವುದು ರಕ್ತನಾಳಗಳ ಬಳಿ: ಮಹಾಪಧಮನಿ ಹೊರಡುವುದು ಯಾವ ಕೋಣೆಯಿಂದ, ಪುಪ್ಪುಸಕ ಅಪಧಮನಿ ಯಾವುದರಿಂದ? ಅಲ್ಲಿ ಕೈ ನಿಧಾನವಾಗಿಲ್ಲ, ಓದು ಅರ್ಧಕ್ಕೆ ನಿಂತಿದೆ. ಎಡ ಹೃತ್ಕುಕ್ಷಿ ಇಡೀ ದೇಹಕ್ಕೆ ರಕ್ತ ತಳ್ಳಬೇಕು ಎಂದು ತಿಳಿದವಳು ಅದರ ಗೋಡೆಯನ್ನು ತಾನಾಗಿಯೇ ದಪ್ಪ ಮಾಡುತ್ತಾಳೆ. ಹೃದಯದ ಎಡಭಾಗ ಪುಟದಲ್ಲಿ ನಮ್ಮ ಬಲಕ್ಕೆ ಬರುತ್ತದೆ ಎಂಬುದು ಮನಸ್ಸಿನಲ್ಲಿ ನಿಲ್ಲದಿದ್ದರೆ, ಚಿತ್ರ ಎಷ್ಟು ಅಂದವಾಗಿದ್ದರೂ ಹೆಸರುಗಳು ಅದಲುಬದಲಾಗುತ್ತವೆ.

ಆದ್ದರಿಂದ ಪಾಠ ಓದಿದ ದಿನವೇ ಪುಸ್ತಕ ತೆರೆದಿಟ್ಟು, ಗಡಿಯಾರ ನೋಡದೆ ಒಮ್ಮೆ ಬರೆಯಬೇಕು. ಮರುದಿನ ಪುಸ್ತಕ ಮುಚ್ಚಿ ಒರಟಾದ ಗೆರೆಗಳಲ್ಲಿ ಕೋಣೆಗಳನ್ನಷ್ಟೇ ಹಾಕಿ, ಭಾಗಗಳನ್ನು ಹೆಸರಿಸಬೇಕು. ಮೂರು ನಾಲ್ಕು ದಿನ ಬಿಟ್ಟು ಪೂರ್ತಿ ಚಿತ್ರ. ಆಗ ಬರೆಯಲು ಹಿಡಿದ ಸಮಯ ಬೇರೆ, ಹೆಸರಿಸಲು ಹಿಡಿದ ಸಮಯ ಬೇರೆ ಗುರುತು ಹಾಕಿಕೊಳ್ಳಬೇಕು. ಎರಡು ವಾರದ ನಂತರ ಮತ್ತೊಮ್ಮೆ. ಬರೆದ ಸಮಯವನ್ನೂ ಹೆಸರಿಸಿದ ಸಮಯವನ್ನೂ ಕೂಡಿಸಿಬಿಟ್ಟರೆ ತೊಂದರೆ ಎಲ್ಲಿದೆಯೆಂದು ತಿಳಿಯುವುದಿಲ್ಲ. ಬರೆಯುವುದು ತಡವಾದರೆ ಗೆರೆಗಳ ಕ್ರಮ ಗಟ್ಟಿಯಾಗಿಲ್ಲ, ಪ್ರತಿಸಲವೂ ಒಂದೇ ಕ್ರಮದಲ್ಲಿ ಎಳೆದು ರೂಢಿಸಬೇಕು. ಹೆಸರಿಸುವುದು ತಡವಾದರೆ ಮತ್ತೆ ಚಿತ್ರ ಬರೆದು ಪ್ರಯೋಜನವಿಲ್ಲ, ಪಾಠಕ್ಕೇ ಹಿಂದಿರುಗಬೇಕು.

ಗೆರೆ ಚೆನ್ನಾಗಿರದ ಮಗುವಿಗೆ ಹೆಚ್ಚು ಸಮಯ ಬೇಕಲ್ಲವೇ ಎಂದು ಕೇಳಬಹುದು. ಬೇಕು, ಆದರೆ ಬಣ್ಣ ತುಂಬಲಿಕ್ಕಲ್ಲ, ಗೆರೆಗಳ ಕ್ರಮ ರೂಢಿಸಿಕೊಳ್ಳಲಿಕ್ಕೆ.

ನಕ್ಷೆಯೂ ಹೀಗೆಯೇ. ಭಾರತದ ಉದ್ದ ಉತ್ತರದಿಂದ ದಕ್ಷಿಣಕ್ಕೆ 3,214 ಕಿ.ಮೀ., ಅಗಲ 2,933 ಕಿ.ಮೀ. ಅಂದರೆ ಅಗಲಕ್ಕಿಂತ ತುಸು ಎತ್ತರದ ಚೌಕಟ್ಟು ಸಾಕು. ಕರ್ಕಾಟಕ ಸಂಕ್ರಾಂತಿ ವೃತ್ತವೂ 82½ ಡಿಗ್ರಿ ಪೂರ್ವ ರೇಖಾಂಶವೂ ಆ ಚೌಕಟ್ಟಿನ ಹೆಚ್ಚುಕಡಿಮೆ ನಟ್ಟನಡುವೆ ಒಂದನ್ನೊಂದು ದಾಟುತ್ತವೆ. ಈ ಎರಡು ಗೆರೆ ಮೊದಲು ಎಳೆದರೆ ವಿಶಾಖಪಟ್ಟಣ ಉದ್ದಗೆರೆಯ ಕೆಳತುದಿಯ ಬಳಿ ಕರಾವಳಿಯಲ್ಲಿ, ಹಿರಾಕುಡ್ ಅಡ್ಡಗೆರೆಯ ತುಸು ಕೆಳಗೆ, ಕಾಂಡ್ಲಾ ಅದೇ ಅಡ್ಡಗೆರೆಯ ಪಶ್ಚಿಮದ ತುದಿಯ ಹತ್ತಿರ ಕೂರುತ್ತವೆ. ಬಂದರುಗಳ ಪಾಠ ಓದಿದ ಸಂಜೆ ಬಂದರುಗಳನ್ನಷ್ಟೇ ಗುರುತಿಸಲಿ. ಅಣೆಕಟ್ಟುಗಳ ಪಾಠ ಬಂದಾಗ ಹೊಸ ನಕ್ಷೆಯಲ್ಲಿ ಎರಡನ್ನೂ ಸೇರಿಸಲಿ. ಒಂದೇ ಸಲ ಇಪ್ಪತ್ತು ಊರು ತುಂಬಿದರೆ ಮರುವಾರ ಅವು ಒಂದರ ಮೇಲೊಂದು ಬೀಳುತ್ತವೆ.

ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೇ: ಚಿತ್ರವಿರುವ ಪಾಠ ಮುಗಿದ ಮರುದಿನ ತರಗತಿಯ ಮೊದಲ ಹತ್ತು ನಿಮಿಷವನ್ನು ಪುಸ್ತಕ ಮುಚ್ಚಿ ಹೆಸರಿಸುವುದಕ್ಕೆ ಬಿಟ್ಟುಕೊಡಿ.